ಒಂದೇ ಚಂದಾ, ಹಲವು ಮೊತ್ತ

ಕನ್ನಡ ಪತ್ರಿಕೆಯೊಂದರ ಡಿಜಿಟಲ್ ಆವೃತ್ತಿಗೆ ವರ್ಷಕ್ಕೆ 2,000 ರೂಪಾಯಿ ಚಂದಾ ಎಂದಿಟ್ಟುಕೊಳ್ಳಿ. ನ್ಯೂಜೆರ್ಸಿಯಲ್ಲಿರುವ ಓದುಗರೊಬ್ಬರು ಅಲ್ಲಿಯ ಬ್ಯಾಂಕಿನ ಕ್ರೆಡಿಟ್ ಕಾರ್ಡಿನಿಂದ ಅದನ್ನು ಕಟ್ಟುತ್ತಾರೆ. ಅಂದು ಡಾಲರಿಗೆ 85 ರೂಪಾಯಿ. ಭಾಗಿಸಿ ನೋಡಿದರೆ 23 ಡಾಲರ್ 53 ಸೆಂಟ್ ಆಗಬೇಕು. ತಿಂಗಳ ಕೊನೆಗೆ ಬಂದ ಸ್ಟೇಟ್‌ಮೆಂಟಿನಲ್ಲಿ ಹೋಗಿರುವುದು 24 ಡಾಲರ್ 35 ಸೆಂಟ್. ಓದುಗರು ಪತ್ರಿಕೆಯ ಕಚೇರಿಗೆ ಫೋನ್ ಮಾಡುತ್ತಾರೆ: “ಮೇಡಂ, ನೀವು ಹಾಕಿರೋದು ಎರಡು ಸಾವಿರ, ನನ್ನಿಂದ ಹಿಡಿದಿರೋದು ಅದಕ್ಕಿಂತ ಜಾಸ್ತಿ. ಉಳಿದದ್ದು ಎಲ್ಲಿ ಹೋಯ್ತು?” ಚಂದಾ ವಿಭಾಗದವರು ತಮ್ಮ ಕಂಪ್ಯೂಟರಿನಲ್ಲಿ ನೋಡುತ್ತಾರೆ. ಅಲ್ಲಿ 2,000 ಎಂದೇ ಇದೆ. ಬ್ಯಾಂಕ್ ಖಾತೆಗೆ ಬಂದಿರುವುದಾದರೋ 1,929 ರೂಪಾಯಿ 20 ಪೈಸೆ. ಓದುಗರು ಹೆಚ್ಚು ಕೊಟ್ಟಿದ್ದಾರೆ, ಪತ್ರಿಕೆಗೆ ಕಡಿಮೆ ಬಂದಿದೆ, ಇಬ್ಬರೂ ಹೇಳುತ್ತಿರುವುದು ನಿಜ.

ವಿದೇಶದ ಚಂದಾದಾರರ ಲೆಕ್ಕ ನೋಡುವವರಿಗೆ ಇದು ದಿನನಿತ್ಯದ ಪ್ರಶ್ನೆ. ಉತ್ತರ ಕೊಡಲು ಆಗದಿರುವುದಕ್ಕೆ ಕಾರಣ ಸಾಮಾನ್ಯವಾಗಿ ಒಂದೇ: ಬೇರೆ ಬೇರೆ ಕಾರಣಕ್ಕೆ ಹೋದ ಹಣವನ್ನೆಲ್ಲ ಒಟ್ಟು ಸೇರಿಸಿ ‘ವಿನಿಮಯ ವ್ಯತ್ಯಾಸ’ ಎಂಬ ಒಂದೇ ಬಾಬ್ತಿಗೆ ಬರೆದುಬಿಟ್ಟಿರುತ್ತಾರೆ. ಬಿಡಿಸಿ ನೋಡಿದರೆ ಅದರಲ್ಲಿ ನಿಜವಾದ ವಿನಿಮಯ ವ್ಯತ್ಯಾಸ ಎಷ್ಟು ಸಣ್ಣದು ಎಂಬುದು ಆಶ್ಚರ್ಯ ಹುಟ್ಟಿಸುವಷ್ಟು. ಇಲ್ಲಿನ ದರಗಳೂ ಶುಲ್ಕಗಳೂ ಲೆಕ್ಕ ಸುಲಭವಾಗಲೆಂದು ಆರಿಸಿಕೊಂಡವು. ಹಣ ಸಾಗುವ ದಾರಿ ಮಾತ್ರ ನಿಜದ್ದು.

ಮೊದಲು ಓದುಗರ ಕಡೆಯ 82 ಸೆಂಟ್ ನೋಡೋಣ. ನಾವು ಮೊಬೈಲಿನಲ್ಲಿ ಹುಡುಕಿದಾಗ ಕಾಣುವ 85 ರೂಪಾಯಿ, ದೊಡ್ಡ ಬ್ಯಾಂಕುಗಳು ತಮ್ಮತಮ್ಮಲ್ಲಿ ಡಾಲರ್ ಕೊಳ್ಳುವ ಮತ್ತು ಮಾರುವ ದರಗಳ ನಡುವಣ ದರ. ಆ ದರದಲ್ಲಿ ಸಾಮಾನ್ಯ ಕಾರ್ಡುದಾರರಿಗೆ ಯಾರೂ ಹಣ ಬದಲಿಸಿಕೊಡುವುದಿಲ್ಲ. ಕಾರ್ಡಿನ ವ್ಯವಹಾರವನ್ನು ಪರಿವರ್ತಿಸುವುದು ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನಂಥ ನೆಟ್‌ವರ್ಕ್. ಅವು ದಿನಕ್ಕೊಂದು ದರ ನಿಗದಿ ಮಾಡುತ್ತವೆ, ಅದನ್ನು ತಮ್ಮ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನಮ್ಮ ಉದಾಹರಣೆಯಲ್ಲಿ ಅದು ಡಾಲರಿಗೆ 84 ರೂಪಾಯಿ 60 ಪೈಸೆ. ಈ ದರದಲ್ಲಿ 2,000 ರೂಪಾಯಿಗೆ 23 ಡಾಲರ್ 64 ಸೆಂಟ್. ಅಂದರೆ ದರದ ಅಂತರದಿಂದ ಹೋಗಿದ್ದು ಬರೀ 11 ಸೆಂಟ್. ಮಿಕ್ಕ 71 ಸೆಂಟ್ ಓದುಗರ ಸ್ವಂತ ಬ್ಯಾಂಕು ಹಿಡಿದುಕೊಂಡ ವಿದೇಶಿ ವ್ಯವಹಾರ ಶುಲ್ಕ, ನೂರಕ್ಕೆ ಮೂರರಂತೆ. ಈ ಶುಲ್ಕ ಇಲ್ಲದ ಕಾರ್ಡುಗಳೂ ಅಮೆರಿಕದಲ್ಲಿ ಬೇಕಾದಷ್ಟಿವೆ. ಪಕ್ಕದ ಮನೆಯವರು ಅದೇ ದಿನ ಅದೇ ಚಂದಾ ಕಟ್ಟಿ 71 ಸೆಂಟ್ ಕಡಿಮೆ ಕೊಟ್ಟಿದ್ದರೆ ಪತ್ರಿಕೆ ಭೇದ ಮಾಡಿತೆಂದಲ್ಲ, ಅವರ ಕಾರ್ಡು ಬೇರೆ.

ಕಟ್ಟಿದ ತಕ್ಷಣ ಮೊಬೈಲಿಗೆ ಬಂದ ಸಂದೇಶದಲ್ಲಿ ಒಂದು ಮೊತ್ತ, ಸ್ಟೇಟ್‌ಮೆಂಟಿನಲ್ಲಿ ಇನ್ನೊಂದು ಎಂಬ ದೂರೂ ಬರುತ್ತದೆ. ಕಾರ್ಡು ಬಳಸಿದ ಕ್ಷಣದಲ್ಲಿ ಆಗುವುದು ಒಪ್ಪಿಗೆ ಮಾತ್ರ. ಬ್ಯಾಂಕು ಇಷ್ಟು ಮೊತ್ತವನ್ನು ತಾತ್ಕಾಲಿಕವಾಗಿ ತಡೆಹಿಡಿಯುತ್ತದೆ. ವ್ಯವಹಾರ ನೆಟ್‌ವರ್ಕಿನಲ್ಲಿ ಪೂರ್ತಿಯಾಗಿ ಖಾತೆಗೆ ಏರುವುದು ಒಂದೆರಡು ದಿನ ಬಿಟ್ಟು. ನಡುವೆ ದರ ಬದಲಾದರೆ ಕೊನೆಯ ಮೊತ್ತವೂ ಬದಲಾಗಬಹುದು. ಆದ್ದರಿಂದ ತಡೆಹಿಡಿದ ಮೊತ್ತವನ್ನು ಹಿಡಿದುಕೊಂಡು ಲೆಕ್ಕ ಕೇಳಿದರೆ ಉತ್ತರ ತಾಳೆಯಾಗುವುದಿಲ್ಲ. ಖಾತೆಗೆ ಏರಿದ ಮೊತ್ತ ಮತ್ತು ಏರಿದ ದಿನಾಂಕ ಬೇಕು.

ಇನ್ನೊಂದು ಸಂದರ್ಭವನ್ನು ಮಾತ್ರ ಓದುಗರು ಎಚ್ಚರದಿಂದ ನೋಡಬೇಕೆಂದು ನನಗನಿಸುತ್ತದೆ. ಕೆಲವು ಪಾವತಿ ಪುಟಗಳು ಹಣ ಕಟ್ಟುವಾಗ “ರೂಪಾಯಿಯಲ್ಲೋ, ನಿಮ್ಮ ಡಾಲರಿನಲ್ಲೋ?” ಎಂದು ಕೇಳುತ್ತವೆ. ಡಾಲರ್ ಆರಿಸುವುದು ಸಹಜ, ಪರಿಚಿತ ಕರೆನ್ಸಿ ತಾನೇ. ಆದರೆ ಹಾಗೆ ಆರಿಸಿದಾಗ ಪರಿವರ್ತನೆ ನೆಟ್‌ವರ್ಕಿನ ಕೈತಪ್ಪಿ, ಪಾವತಿ ಪುಟ ನಡೆಸುವವರ ಕೈಗೆ ಹೋಗುತ್ತದೆ. ಅವರು ಮಾರುಕಟ್ಟೆ ದರದ ಮೇಲೆ ನೂರಕ್ಕೆ ಐದು ಸೇರಿಸಿದ್ದಾರೆ ಎಂದುಕೊಂಡರೆ ಮೊತ್ತ 24 ಡಾಲರ್ 71 ಸೆಂಟ್ ಆಗುತ್ತದೆ. ವ್ಯಾಪಾರಿ ಭಾರತದಲ್ಲಿರುವ ಕಾರಣ ಡಾಲರಿನಲ್ಲೇ ಕಟ್ಟಿದರೂ ಹಲವು ಬ್ಯಾಂಕುಗಳು ತಮ್ಮ ಮೂರು ಶೇಕಡಾ ಬಿಡುವುದಿಲ್ಲ. ಎಲ್ಲ ಸೇರಿ 25 ಡಾಲರ್ 45 ಸೆಂಟ್. ರೂಪಾಯಿಯನ್ನೇ ಆರಿಸಿದ್ದರೆ 24.35ಕ್ಕೆ ಮುಗಿಯುತ್ತಿತ್ತು. ಇದನ್ನು ಪತ್ತೆ ಮಾಡುವುದೂ ಕಷ್ಟವಲ್ಲ. ರೂಪಾಯಿಯಲ್ಲಿ ಕಟ್ಟಿದ್ದರೆ ಸ್ಟೇಟ್‌ಮೆಂಟಿನಲ್ಲಿ ಸಾಮಾನ್ಯವಾಗಿ ಮೂಲ ರೂಪಾಯಿ ಮೊತ್ತವೂ ದರವೂ ನಮೂದಾಗಿರುತ್ತವೆ. ರೂಪಾಯಿಯ ಸುಳಿವೇ ಇಲ್ಲದೆ ಬರೀ ಡಾಲರ್ ಮಾತ್ರ ಇದ್ದರೆ ಪರಿವರ್ತನೆ ಪಾವತಿ ಪುಟದಲ್ಲೇ ಆಗಿಹೋಗಿದೆ ಎಂದು ಅರ್ಥ.

ಪತ್ರಿಕೆಗೆ ಕಡಿಮೆಯಾದ 70 ರೂಪಾಯಿ 80 ಪೈಸೆಗೂ ವಿನಿಮಯ ದರಕ್ಕೂ ಸಂಬಂಧವೇ ಇಲ್ಲ. ಪೇಮೆಂಟ್ ಗೇಟ್‌ವೇಯ ಮೂರು ಶೇಕಡಾ ಶುಲ್ಕ 60 ರೂಪಾಯಿ, ಆ ಶುಲ್ಕದ ಮೇಲಿನ ಶೇ 18 ಜಿಎಸ್‌ಟಿ 10 ರೂಪಾಯಿ 80 ಪೈಸೆ. ಬೆಲೆ ರೂಪಾಯಿಯಲ್ಲಿದ್ದಷ್ಟು ಕಾಲ ದರದ ಏರಿಳಿತವೆಲ್ಲ ಓದುಗರ ತಲೆಯ ಮೇಲೆ, ಪತ್ರಿಕೆಯ ಲೆಕ್ಕ ಸರಳ.

ಬೆಲೆಯನ್ನು ಡಾಲರಿನಲ್ಲಿ ಇಟ್ಟರೆ ಪರಿಸ್ಥಿತಿ ತಿರುಗಿ ನಿಲ್ಲುತ್ತದೆ. ವರ್ಷಕ್ಕೆ 25 ಡಾಲರ್ ಎಂದರೆ ಓದುಗರ ಸ್ಟೇಟ್‌ಮೆಂಟಿನಲ್ಲಿ 25 ಡಾಲರೇ ಇರುತ್ತದೆ, ಅವರ ಬ್ಯಾಂಕಿನ ಶುಲ್ಕವೊಂದು ಬಿಟ್ಟು. ಈಗ ಒಗಟು ಪತ್ರಿಕೆಯ ಕಚೇರಿಯದು. ಒಂದು ಪಾವತಿಯನ್ನು ಹತ್ತಿರದಿಂದ ಹಿಂಬಾಲಿಸೋಣ.

ಜನವರಿ 10ರಂದು ಓದುಗರು 25 ಡಾಲರ್ ಕಟ್ಟಿದರು. ಅಂದಿನ ದರ 85 ರೂಪಾಯಿ 20 ಪೈಸೆ. ಲೆಕ್ಕಪತ್ರದ ನಿಯಮದಂತೆ ವ್ಯವಹಾರ ನಡೆದ ದಿನದ ದರದಲ್ಲಿ ಬರೆದುಕೊಂಡಾಗ 2,130 ರೂಪಾಯಿ. ಗೇಟ್‌ವೇ ತನ್ನ ಶುಲ್ಕವನ್ನೂ ಅದರ ತೆರಿಗೆಯನ್ನೂ ಸೇರಿಸಿ 89 ಸೆಂಟ್ ಮುರಿದುಕೊಂಡಿತು, ಉಳಿದಿದ್ದು 24 ಡಾಲರ್ 11 ಸೆಂಟ್. ಅದನ್ನು ರೂಪಾಯಿ ಮಾಡಿ ಪತ್ರಿಕೆಯ ಖಾತೆಗೆ ಹಾಕಿದ್ದು ಜನವರಿ 13ರಂದು. ಅಷ್ಟರಲ್ಲಿ ಮಾರುಕಟ್ಟೆ ದರ 84 ರೂಪಾಯಿ 90 ಪೈಸೆಗೆ ಇಳಿದಿತ್ತು. ಗೇಟ್‌ವೇ ಕೊಟ್ಟ ದರ ಅದೂ ಅಲ್ಲ, ಪರಿವರ್ತನೆಯ ಲಾಭಾಂಶ ಕಳೆದು 83 ರೂಪಾಯಿ 20 ಪೈಸೆ. ಖಾತೆಗೆ ಬಂದು ಬಿದ್ದಿದ್ದು 2,005 ರೂಪಾಯಿ 95 ಪೈಸೆ. ಬರೆದುಕೊಂಡ ಮೊತ್ತಕ್ಕೂ ಬಂದ ಮೊತ್ತಕ್ಕೂ 124 ರೂಪಾಯಿ 5 ಪೈಸೆ ಅಂತರ.

ಬಹಳ ಕಚೇರಿಗಳಲ್ಲಿ ಈ 124 ರೂಪಾಯಿಯನ್ನು ಇಡಿಯಾಗಿ ವಿನಿಮಯ ನಷ್ಟವೆಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಬಿಡಿಸಿ ನೋಡಿ. ಗೇಟ್‌ವೇ ಶುಲ್ಕ 89 ಸೆಂಟನ್ನು 85.20ರಿಂದ ಗುಣಿಸಿದರೆ 75 ರೂಪಾಯಿ 83 ಪೈಸೆ. ಇದು ಸೇವಾ ಖರ್ಚು. ಉಳಿದ 24.11 ಡಾಲರಿನ ಮೇಲೆ ಮೂರು ದಿನದಲ್ಲಿ ದರ 30 ಪೈಸೆ ಇಳಿದದ್ದಕ್ಕೆ 7 ರೂಪಾಯಿ 23 ಪೈಸೆ. ನಿಜವಾದ ವಿನಿಮಯ ನಷ್ಟ ಇಷ್ಟೇ. ಮಾರುಕಟ್ಟೆಯ 84.90ಕ್ಕೂ ಗೇಟ್‌ವೇ ಕೊಟ್ಟ 83.20ಕ್ಕೂ ಇರುವ 1 ರೂಪಾಯಿ 70 ಪೈಸೆ ಅಂತರದಿಂದ 40 ರೂಪಾಯಿ 99 ಪೈಸೆ. ಇದು ದರದ ವೇಷದಲ್ಲಿರುವ ಶುಲ್ಕ. ಮೂರೂ ಕೂಡಿದರೆ 124 ರೂಪಾಯಿ 5 ಪೈಸೆ, ಪೈಸೆಗೆ ಪೈಸೆ ತಾಳೆ.

ಹೀಗೆ ಬಿಡಿಸುವುದರಿಂದ ಏನು ಸಿಕ್ಕಿತು? ಏಳು ರೂಪಾಯಿಯ ಬಗ್ಗೆ ಯಾರೂ ಏನೂ ಮಾಡಲಾರರು. ಮುಂದಿನ ವಾರ ಅದೇ ಲಾಭವಾಗಿ ಬಂದರೂ ಬಂದೀತು. 41 ರೂಪಾಯಿ ಹಾಗಲ್ಲ, ಅದು ಪ್ರತಿ ಪಾವತಿಯಲ್ಲೂ ಒಂದೇ ದಿಕ್ಕಿಗೆ ಹೋಗುತ್ತದೆ. ಗೇಟ್‌ವೇಯ ಬೆಲೆಪಟ್ಟಿಯಲ್ಲಿ ಮೂರು ಶೇಕಡಾ ಎಂದು ಓದಿ ಒಪ್ಪಂದ ಮಾಡಿಕೊಂಡವರಿಗೆ ತೆರಿಗೆಯೂ ಪರಿವರ್ತನೆಯ ಲಾಭಾಂಶವೂ ಸೇರಿ ಹೋಗುತ್ತಿರುವುದು ಐದೂವರೆ ಶೇಕಡಾ ಎಂದು ಗೊತ್ತೇ ಆಗುವುದಿಲ್ಲ. ಗೊತ್ತಾದರೆ ಕೇಳಬಹುದು, ಬೇರೆಯವರ ದರದೊಡನೆ ಹೋಲಿಸಬಹುದು, ಡಾಲರನ್ನು ಡಾಲರಾಗಿಯೇ ಪಡೆದು ತಮ್ಮ ಬ್ಯಾಂಕಿನಲ್ಲಿ ಪರಿವರ್ತಿಸಿಕೊಳ್ಳುವ ದಾರಿ ಇದೆಯೇ ಎಂದು ವಿಚಾರಿಸಬಹುದು. ನಿಜವಾದ ವಿನಿಮಯ ವ್ಯತ್ಯಾಸ ವರ್ಷವಿಡೀ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಆಡುತ್ತಿರುತ್ತದೆ. ನಿಮ್ಮ ಪುಸ್ತಕದಲ್ಲಿ ಆ ಬಾಬ್ತು ಪ್ರತಿ ತಿಂಗಳೂ ನಷ್ಟವನ್ನೇ ತೋರಿಸುತ್ತಿದ್ದರೆ ಅದರೊಳಗೆ ಶುಲ್ಕ ಅಡಗಿದೆ ಎಂದು ಧಾರಾಳವಾಗಿ ಶಂಕಿಸಬಹುದು.

ಇಷ್ಟೆಲ್ಲ ಬಿಡಿಸಬೇಕಾದರೆ ಪಾವತಿಯ ದಾಖಲೆಯಲ್ಲಿ ಅದಕ್ಕೆ ಬೇಕಾದ ಅಂಶಗಳು ಉಳಿದಿರಬೇಕು. ಕಟ್ಟಿದ ಮೊತ್ತ, ಯಾವ ಕರೆನ್ಸಿ, ಯಾವ ದರದಲ್ಲಿ ಬರೆದುಕೊಂಡೆವು, ಆ ದರ ಯಾವ ದಿನದ್ದು, ಎಲ್ಲಿಂದ ತಂದದ್ದು, ಕೊನೆಗೆ ಖಾತೆಗೆ ಬಂದದ್ದು ಎಷ್ಟು, ಯಾವತ್ತು. ರೂಪಾಯಿಗೆ ತಿರುಗಿಸಿ ಅದೊಂದು ಸಂಖ್ಯೆಯನ್ನು ಮಾತ್ರ ಇಟ್ಟುಕೊಂಡು ಮೂಲ ಡಾಲರನ್ನು ಅಳಿಸಿಬಿಟ್ಟರೆ ಮತ್ತೆ ಹಿಂದಕ್ಕೆ ಹೋಗುವ ದಾರಿಯಿಲ್ಲ. ಹೇಳಲು ಸುಲಭ, ಆದರೆ ಇವುಗಳಲ್ಲಿ ‘ಕರೆನ್ಸಿ’ ಮತ್ತು ‘ದಿನ’ ಎಂಬ ಎರಡು ಅಂಶಗಳು ಕೊಡುವ ಕಾಟ ಸಣ್ಣದಲ್ಲ.

ಕರೆನ್ಸಿಯ ವಿಷಯದಲ್ಲಿ ಮೊದಲ ತೊಡಕು ಡಾಲರ್ ಚಿಹ್ನೆಯದೇ. ಟೊರಾಂಟೊ, ಸಿಡ್ನಿ, ಸಿಂಗಪುರದ ಓದುಗರದ್ದೂ ಡಾಲರೇ, ಆದರೆ ಬೆಲೆ ಒಂದೇ ಅಲ್ಲ. ದಾಖಲೆಯಲ್ಲಿ `$25` ಎಂದಷ್ಟೇ ಇದ್ದರೆ ಕೆನಡಾದ ಡಾಲರನ್ನು ಅಮೆರಿಕದ ದರದಲ್ಲಿ ಗುಣಿಸಿ ಬರದ ಆದಾಯವನ್ನು ಬಂತೆಂದು ಬರೆದುಕೊಳ್ಳುತ್ತೇವೆ. ಇದಕ್ಕೆಂದೇ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಮೂರಕ್ಷರದ ಸಂಕೇತಗಳಿವೆ: `USD`, `CAD`, `AUD`, `SGD`, ನಮ್ಮದು `INR`. ಚಿಹ್ನೆ ಪುಟದ ಮೇಲೆ ತೋರಿಸಲಿಕ್ಕೆ, ದಾಖಲೆಗೆ ಸಂಕೇತವೇ ಆಗಬೇಕು.

ಎರಡನೆಯದು ಕೊಲ್ಲಿಯಿಂದ ಬರುತ್ತದೆ. ಬಿಲ್ಲಿಂಗ್ ತಂತ್ರಾಂಶಗಳು ಹಣವನ್ನು ದಶಮಾಂಶದಲ್ಲಿ ಇಡದೆ ಅತಿ ಚಿಕ್ಕ ನಾಣ್ಯದಲ್ಲಿ ಪೂರ್ಣಸಂಖ್ಯೆಯಾಗಿ ಇಡುವುದು ರೂಢಿ, 25 ಡಾಲರ್ ಎಂದರೆ 2500 ಸೆಂಟ್. ರೂಪಾಯಿಗೆ ನೂರು ಪೈಸೆ, ಡಾಲರಿಗೆ ನೂರು ಸೆಂಟ್, ಹಾಗಾಗಿ ಬರೆದವರು ಎಲ್ಲವನ್ನೂ ನೂರರಿಂದ ಗುಣಿಸಿ ಭಾಗಿಸುವಂತೆ ಬರೆದಿರುತ್ತಾರೆ. ಕುವೈತಿನ ದಿನಾರಿಗೆ ಸಾವಿರ ಫಿಲ್ಸ್. ಬಹರೇನಿನ ದಿನಾರಿಗೂ ಒಮಾನಿನ ರಿಯಾಲಿಗೂ ಸಾವಿರ ಭಾಗಗಳೇ. ಏಳೂವರೆ ದಿನಾರ್ ಎಂದರೆ 7500 ಫಿಲ್ಸ್. ನೂರರಿಂದ ಗುಣಿಸಿ 750 ಎಂದು ಕಳಿಸಿದರೆ ಮುಕ್ಕಾಲು ದಿನಾರ್ ಮಾತ್ರ ಕಡಿತವಾಗುತ್ತದೆ, ಹತ್ತರಲ್ಲೊಂದು ಪಾಲು. ಜಪಾನಿನ ಯೆನ್‌ನಲ್ಲಿ ಇದರ ತಿರುವುಮುರುವು. ಬಿಲ್ಲಿನಲ್ಲಿ ಯೆನ್‌ಗೆ ಪೈಸೆಯೇ ಇಲ್ಲ. 3,700 ಯೆನ್ನನ್ನು ನೂರರಿಂದ ಗುಣಿಸಿದರೆ ಓದುಗರ ಕಾರ್ಡಿನಿಂದ 3,70,000 ಯೆನ್ ಕೇಳಿದಂತೆ. ಜಪಾನಿನ ತಪ್ಪು ತಕ್ಷಣ ಗೊತ್ತಾಗುತ್ತದೆ, ಏಕೆಂದರೆ ಓದುಗರು ಸುಮ್ಮನಿರುವುದಿಲ್ಲ. ಕುವೈತಿನ ತಪ್ಪು ತಿಂಗಳುಗಟ್ಟಲೆ ಹಾಗೇ ಇರಬಹುದು. ಅದನ್ನು ಹಿಡಿಯಲು ದೇಶವಾರು ಸರಾಸರಿ ಚಂದಾ ತೆಗೆದು ನೋಡಿದರೆ ಸಾಕು. ಒಂದು ದೇಶದ ಸರಾಸರಿ ಉಳಿದವುಗಳ ಹತ್ತನೇ ಒಂದರಷ್ಟಿದ್ದರೆ ಅಲ್ಲಿ ಓದುಗರು ಅಗ್ಗವಾಗಿಲ್ಲ, ಗುಣಾಕಾರ ತಪ್ಪಿದೆ.

ಯೆನ್‌ಗೆ ಇನ್ನೊಂದು ಮಗ್ಗುಲೂ ಇದೆ. ನಮ್ಮಲ್ಲಿ ಪ್ರಕಟವಾಗುವ ಉಲ್ಲೇಖ ದರದಲ್ಲಿ ಡಾಲರ್, ಪೌಂಡ್, ಯೂರೊಗಳ ಬೆಲೆ ಒಂದೊಂದಕ್ಕೆ ಇದ್ದರೆ ಯೆನ್ ಬೆಲೆ ನೂರಕ್ಕೆ. ಅದನ್ನು ಗಮನಿಸದೆ ಪಟ್ಟಿಯಿಂದ ದರವನ್ನು ಹಾಗೇ ಎತ್ತಿಕೊಂಡರೆ ಮತ್ತೆ ನೂರು ಪಟ್ಟು ತಪ್ಪು.

ಈ ಉಲ್ಲೇಖ ದರವನ್ನು ಮೊದಲು ರಿಸರ್ವ್ ಬ್ಯಾಂಕ್ ಪ್ರಕಟಿಸುತ್ತಿತ್ತು. 2018ರ ಜುಲೈಯಿಂದ ಆ ಕೆಲಸ ಫೈನಾನ್ಶಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ, ಅಂದರೆ ಎಫ್‌ಬಿಐಎಲ್ ಎಂಬ ಸಂಸ್ಥೆಯದು. ಕೆಲಸದ ದಿನಗಳಂದು ಮಧ್ಯಾಹ್ನ ಪ್ರಕಟವಾಗುತ್ತದೆ, ಶನಿವಾರ ಭಾನುವಾರ ಇಲ್ಲ. ವಿದೇಶದ ಓದುಗರಿಗೆ ಚಂದಾ ಕಟ್ಟಲು ಪುರುಸೊತ್ತು ಸಿಗುವುದೇ ವಾರದ ಕೊನೆಗೆ! ಭಾನುವಾರದ ಪಾವತಿಗೆ ಶುಕ್ರವಾರದ ದರವೋ ಸೋಮವಾರದ ದರವೋ? ಹಿಂದಿನ ಕೆಲಸದ ದಿನದ ದರ ಹಿಡಿಯುವುದು ವಾಡಿಕೆ. ಯಾವುದನ್ನು ಹಿಡಿದರೂ ವರ್ಷಪೂರ್ತಿ ಅದನ್ನೇ ಹಿಡಿಯಬೇಕು, ಒಮ್ಮೊಮ್ಮೆ ಒಂದೊಂದು ಹಿಡಿದರೆ ಲೆಕ್ಕ ಪರಿಶೋಧಕರ ಮುಂದೆ ಬಾಯಿ ಬಿಡಲಾಗುವುದಿಲ್ಲ. ಪಟ್ಟಿಯಲ್ಲಿ ಇಲ್ಲದ ಕರೆನ್ಸಿಗೆ ಡಾಲರಿನ ಮೂಲಕ ಹೋಗಬೇಕಾಗುತ್ತದೆ. ಯುಎಇ ದಿರ್ಹಂ ಡಾಲರಿಗೆ 3.6725ರಂತೆ ಕಟ್ಟಿಹಾಕಿದ ಕರೆನ್ಸಿ. ರೂಪಾಯಿ ಎದುರು ಡಾಲರ್ ಏರಿದಷ್ಟೇ ದಿರ್ಹಮ್ಮೂ ಏರುತ್ತದೆ.

‘ದಿನ’ದ ಕಾಟ ಇನ್ನೂ ಸೂಕ್ಷ್ಮ. ಮಾರ್ಚ್ 31ರ ರಾತ್ರಿ ಎಂಟು ಗಂಟೆಗೆ ನ್ಯೂಜೆರ್ಸಿಯಲ್ಲಿ ಊಟ ಮುಗಿಸಿ ಒಬ್ಬರು ಚಂದಾ ಕಟ್ಟುತ್ತಾರೆ. ಅವರ ರಸೀದಿಯಲ್ಲಿ ಮಾರ್ಚ್ 31. ಬೆಂಗಳೂರಿನಲ್ಲಿ ಅದು ಏಪ್ರಿಲ್ 1ರ ಬೆಳಗಿನ ಐದೂವರೆ. ಬೇರೆ ದಿನ, ಬೇರೆ ದರ, ಸಾಲದ್ದಕ್ಕೆ ಬೇರೆ ಹಣಕಾಸು ವರ್ಷ. ಗೇಟ್‌ವೇಯ ವರದಿ ಯಾವ ಗಡಿಯಾರದಲ್ಲಿ ಬಂದಿದೆ, ನಮ್ಮ ತಂತ್ರಾಂಶ ಯಾವ ಗಡಿಯಾರದಲ್ಲಿ ಬರೆದುಕೊಳ್ಳುತ್ತದೆ ಎಂದು ನೋಡದಿದ್ದರೆ ಒಂದೇ ಪಾವತಿ ಎರಡೂ ವರ್ಷದಲ್ಲಿ ಕಾಣಿಸಿಕೊಳ್ಳಬಹುದು, ಅಥವಾ ಎರಡರಲ್ಲೂ ಇಲ್ಲದಿರಬಹುದು. ದಿನಾಂಕದ ಜೊತೆಗೆ ಗಂಟೆಯನ್ನೂ ಕಾಲವಲಯವನ್ನೂ ಇಟ್ಟುಕೊಂಡವರಿಗೆ ಮಾತ್ರ ಇದನ್ನು ಬಿಡಿಸಲು ಸಾಧ್ಯ.

ವರ್ಷದ ಚಂದಾ ಮುಂಗಡ ಹಣ ಎಂಬುದರಿಂದ ಹುಟ್ಟುವ ಗೊಂದಲವೊಂದಿದೆ. ಓದುಗರು ಜನವರಿಯಲ್ಲಿ 25 ಡಾಲರ್ ಕೊಟ್ಟರೂ ಪತ್ರಿಕೆ ಅದನ್ನು ಗಳಿಸುವುದು ಹನ್ನೆರಡು ತಿಂಗಳು ಓದಿಗೆ ಕೊಟ್ಟ ಮೇಲೆ. ತಿಂಗಳು ತಿಂಗಳು ಆದಾಯಕ್ಕೆ ಸೇರಿಸುವಾಗ ಆಯಾ ತಿಂಗಳ ಡಾಲರ್ ದರದಲ್ಲಿ ಹೊಸದಾಗಿ ಲೆಕ್ಕ ಹಾಕುವ ವರದಿಗಳು ಇರುತ್ತವೆ. ಅದು ಸರಿಯಲ್ಲ. ಹಣ ಬಂದಾಯಿತು, ರೂಪಾಯಿಯಾಗಿ ಬದಲಾಗಿಯೂ ಆಯಿತು. ಪತ್ರಿಕೆ ಇನ್ನು ಕೊಡಬೇಕಾಗಿರುವುದು ಸಂಚಿಕೆಗಳನ್ನೇ ಹೊರತು ಡಾಲರನ್ನಲ್ಲ. ಹಾಗಾಗಿ ಬರೆದುಕೊಂಡ 2,130 ರೂಪಾಯಿಯನ್ನೇ ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 177 ರೂಪಾಯಿ 50 ಪೈಸೆಯಂತೆ ಸೇರಿಸುತ್ತ ಹೋಗಬೇಕು, ಜೂನ್‌ನಲ್ಲಿ ಡಾಲರ್ ಎಲ್ಲಿಗೆ ಹೋದರೂ ಸರಿಯೇ.

ಆ ಡಾಲರನ್ನು ಮತ್ತೆ ಕೊಡಬೇಕಾಗಿ ಬರುವುದು ಚಂದಾ ರದ್ದಾದಾಗ. ಫೆಬ್ರವರಿಯಲ್ಲಿ ನಮ್ಮ ಓದುಗರು ಕಾರಣಾಂತರದಿಂದ ಹಣ ವಾಪಸು ಕೇಳುತ್ತಾರೆ, ಪತ್ರಿಕೆ ಪೂರ್ತಿ 25 ಡಾಲರ್ ಕೊಡಲು ಒಪ್ಪುತ್ತದೆ. ಅಂದು ಡಾಲರಿಗೆ 86 ರೂಪಾಯಿ 50 ಪೈಸೆ. ಈಗ ಪತ್ರಿಕೆ ಡಾಲರ್ ಕೊಳ್ಳುವ ಕಡೆಯಲ್ಲಿದೆ, ಗೇಟ್‌ವೇಯ ಲಾಭಾಂಶ ದರದ ಮೇಲಕ್ಕೆ ಸೇರುತ್ತದೆ. ನೂರಕ್ಕೆ ಎರಡರಂತೆ ಸೇರಿಸಿದರೆ 88 ರೂಪಾಯಿ 23 ಪೈಸೆ. ಪತ್ರಿಕೆಯ ಖಾತೆಯಿಂದ ಹೋಗುವುದು 2,205 ರೂಪಾಯಿ 75 ಪೈಸೆ. ಬಂದದ್ದು 2,005.95, ಹೋದದ್ದು 2,205.75. ಒಬ್ಬ ಓದುಗರು ಬಂದು ಹೋದದ್ದಕ್ಕೆ ಸುಮಾರು ಇನ್ನೂರು ರೂಪಾಯಿ ಕೈಬಿಟ್ಟಿತು. ಬೆಲೆ ರೂಪಾಯಿಯಲ್ಲಿದ್ದಿದ್ದರೆ ಪೆಟ್ಟು ಓದುಗರಿಗೆ. ಪತ್ರಿಕೆ ಪ್ರಾಮಾಣಿಕವಾಗಿ 2,000 ರೂಪಾಯಿಯನ್ನೇ ಹಿಂದಿರುಗಿಸಿದರೂ ನೆಟ್‌ವರ್ಕಿನ ಅಂದಿನ ದರ 86.90 ಆಗಿದ್ದರೆ ಅವರ ಕಾರ್ಡಿಗೆ ಬರುವುದು 23 ಡಾಲರ್ 1 ಸೆಂಟ್. ಹೋದದ್ದು 24.35. ಅವರ ಬ್ಯಾಂಕು ತನ್ನ ಶುಲ್ಕ ಹಿಂದಿರುಗಿಸದಿದ್ದರೆ 1 ಡಾಲರ್ 34 ಸೆಂಟ್ ನಷ್ಟ. ಇಲ್ಲಿ ಯಾರೂ ಮೋಸ ಮಾಡಿಲ್ಲ, ಆದರೆ ಮೊದಲೇ ಹೇಳದಿದ್ದರೆ ಮೋಸವೆಂದೇ ಅನಿಸುತ್ತದೆ. ಹಣ ವಾಪಸಾತಿಯ ನಿಯಮದಲ್ಲಿ ‘ಕಟ್ಟಿದ ಕರೆನ್ಸಿಯಲ್ಲಿ ಕಟ್ಟಿದಷ್ಟೇ ಮೊತ್ತ ಕೊಡುತ್ತೇವೆ, ನಿಮ್ಮ ಬ್ಯಾಂಕಿನಲ್ಲಿ ಅದು ಬೇರೆ ಮೊತ್ತವಾಗಿ ಕಾಣಬಹುದು’ ಎಂಬ ಒಂದು ಸಾಲು ಇರಲೇಬೇಕು.

ದರ ದೊಡ್ಡದಾಗಿ ಕದಲಿದ ಕಾಲದಲ್ಲಿ ಇದು ಸೆಂಟುಗಳ ಮಾತಾಗಿ ಉಳಿಯುವುದಿಲ್ಲ. 2013ರ ಮೇ ಆರಂಭದಲ್ಲಿ ಡಾಲರ್ 54 ರೂಪಾಯಿಯ ಆಸುಪಾಸಿನಲ್ಲಿತ್ತು, ಆಗಸ್ಟ್ ಕೊನೆಗೆ 68 ದಾಟಿತು. ಮೇ ತಿಂಗಳಲ್ಲಿ ಡಾಲರಿನಲ್ಲಿ ಪಡೆದ ಹಣವನ್ನು ಆಗಸ್ಟ್‌ನಲ್ಲಿ ಹಿಂದಿರುಗಿಸಬೇಕಾಗಿ ಬಂದವರು ಶುಲ್ಕಗಳನ್ನು ಬಿಟ್ಟೇ ಕಾಲು ಪಾಲು ಹೆಚ್ಚು ರೂಪಾಯಿ ಸುರಿಯಬೇಕಾಯಿತು.

ಇದೇ ಚಲನೆ ವಾರ್ಷಿಕ ವರದಿಯಲ್ಲಿ ಇನ್ನೊಂದು ಬಗೆಯ ಭ್ರಮೆ ಹುಟ್ಟಿಸುತ್ತದೆ. ನಾನೂರು ಓದುಗರು, ತಲಾ 25 ಡಾಲರ್, ಒಟ್ಟು ಹತ್ತು ಸಾವಿರ ಡಾಲರ್. ಒಂದು ವರ್ಷ 83ರ ದರದಲ್ಲಿ 8,30,000 ರೂಪಾಯಿ, ಮರುವರ್ಷ 85.50ರಲ್ಲಿ 8,55,000. ವಿದೇಶದ ಆದಾಯ ಮೂರು ಶೇಕಡಾ ಬೆಳೆಯಿತೆಂದು ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. ಹೊಸ ಓದುಗರು ಒಬ್ಬರೂ ಬಂದಿಲ್ಲ. ಎರಡನೇ ವರ್ಷ ಓದುಗರು 390ಕ್ಕೆ ಇಳಿದಿದ್ದರೂ ಮೊತ್ತ 8,33,625 ರೂಪಾಯಿ ಆಗಿ ಏರಿಕೆಯನ್ನೇ ತೋರಿಸುತ್ತಿತ್ತು. ಹತ್ತು ಜನ ಬಿಟ್ಟು ಹೋದದ್ದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಅದೇ ನನಗೆ ಹೆಚ್ಚು ಬೇಸರದ ಸಂಗತಿ. ಎರಡೂ ವರ್ಷದ ಡಾಲರನ್ನು ಒಂದೇ ದರದಿಂದ ಗುಣಿಸಿ ಪಕ್ಕದಲ್ಲಿ ಇನ್ನೊಂದು ಕಂಬಸಾಲು ಇಟ್ಟರೆ ಬೆಳವಣಿಗೆ ಓದುಗರದ್ದೋ ಡಾಲರಿನದ್ದೋ ಗೊತ್ತಾಗುತ್ತದೆ. ಅದಕ್ಕೂ ಮೂಲ ಕರೆನ್ಸಿಯ ಮೊತ್ತ ಉಳಿದಿರಲೇಬೇಕು.

ಕೊನೆಗೆ, ‘ವಿದೇಶದ ಚಂದಾದಾರ’ ಎಂದು ಯಾರನ್ನು ಕರೆಯುತ್ತೇವೆ ಎಂಬುದನ್ನೂ ಗಟ್ಟಿ ಮಾಡಿಕೊಳ್ಳಬೇಕು. ದುಬೈಯಲ್ಲಿರುವ ಮಂಗಳೂರಿನವರೊಬ್ಬರು ಊರಿನ ಬ್ಯಾಂಕಿನ ತಮ್ಮ ಎನ್‌ಆರ್‌ಇ ಖಾತೆಯ ಕಾರ್ಡಿನಿಂದ ಕಟ್ಟಬಹುದು. 2023ರಿಂದ ಯುಎಇ, ಅಮೆರಿಕ ಸೇರಿದಂತೆ ಕೆಲವು ದೇಶಗಳ ಮೊಬೈಲ್ ಸಂಖ್ಯೆಗೆ ಜೋಡಿಸಿದ ಇಂಥ ಖಾತೆಗಳಿಂದ ಯುಪಿಐ ಮಾಡಲೂ ಅವಕಾಶವಿದೆ. ಅವರ ವಿಳಾಸ ವಿದೇಶದ್ದು, ಹಣ ಬಂದದ್ದು ರೂಪಾಯಿಯಲ್ಲಿ, ಪರಿವರ್ತನೆ ಎಲ್ಲೂ ನಡೆದಿಲ್ಲ. ವಿಳಾಸ ನೋಡಿ ಅವರ ಪಾವತಿಯ ಮೇಲೂ ವಿನಿಮಯ ಖರ್ಚು ಹಂಚಿದರೆ ತಪ್ಪಾಗುತ್ತದೆ. ಇದು ತೆರಿಗೆಗೂ ಮುಖ್ಯ. ವಿದೇಶದವರಿಗೆ ಕೊಟ್ಟ ಸೇವೆ ಜಿಎಸ್‌ಟಿಯಲ್ಲಿ ರಫ್ತು ಎನಿಸಿಕೊಳ್ಳಲು ಇರುವ ಷರತ್ತುಗಳಲ್ಲಿ ಒಂದು, ಹಣ ಪರಿವರ್ತನೀಯ ವಿದೇಶಿ ವಿನಿಮಯದಲ್ಲಿ ಬಂದಿರಬೇಕು, ಇಲ್ಲವೇ ರಿಸರ್ವ್ ಬ್ಯಾಂಕ್ ಅನುಮತಿಸಿದ ಸಂದರ್ಭದಲ್ಲಿ ರೂಪಾಯಿಯಲ್ಲಿ. ಅದಕ್ಕೆ ಪುರಾವೆ ಬ್ಯಾಂಕು ಕೊಡುವ ವಿದೇಶಿ ಹಣ ಸ್ವೀಕೃತಿ ಪತ್ರ. ಗೇಟ್‌ವೇ ಮೂಲಕ ಬರುವ ಹಣ ಕಂತುಕಂತಾಗಿ ಬರುವುದರಿಂದ ಆ ಪತ್ರದಲ್ಲಿ ಅನೇಕ ಚಂದಾದಾರರ ಹಣ ಸೇರಿದ ಒಂದೇ ಮೊತ್ತ ಇರುತ್ತದೆ, ಅದೂ ಶುಲ್ಕ ಕಳೆದು. ಆ ಮೊತ್ತದೊಳಗೆ ಯಾರ ಯಾರ 25 ಡಾಲರ್ ಇದೆ ಎಂದು ತೋರಿಸಲು ಗೇಟ್‌ವೇಯ ಸೆಟ್ಲ್‌ಮೆಂಟ್ ಸಂಖ್ಯೆಯನ್ನು ಪ್ರತಿ ಪಾವತಿಯ ದಾಖಲೆಯಲ್ಲೂ ಬರೆದಿಟ್ಟಿರಬೇಕು. ಹಣ ಬಂದ ವಾರವೇ ಬರೆದುಕೊಂಡರೆ ಅದು ಅರ್ಧ ಗಂಟೆಯ ಕೆಲಸ. ವರ್ಷದ ಕೊನೆಗೆ ಹಳೆಯ ವರದಿಗಳನ್ನು ಹರಡಿಕೊಂಡು ಕೂತರೆ ಒಂದೊಂದು ಕಂತಿಗೂ ಅಷ್ಟೇ ಹೊತ್ತು ಹಿಡಿಯುತ್ತದೆ, ಕೆಲವು ಕಂತುಗಳು ಏನು ಮಾಡಿದರೂ ತಾಳೆಯಾಗುವುದಿಲ್ಲ.